ಚಿಕ್ಕಮ್ಮನ ಹಾಸಿಗೆ ಜಾಹೀರಾತು

ನಮ್ಮ ಚಿಕ್ಕಮ್ಮನ ಜೊತೆ ಕೆಲಸ ಮಾಡೋದು ಅಂದ್ರೆ ಗೋಡೆಗೆ ತಲೆ ಚಚ್ಚಿಕೊಳ್ಳೋದು. ಗೋಡೆಯಾದ್ರೂ ವಾಸಿ, ಅದು ತಿರುಗಿ ಮಾತಾಡಲ್ಲ.

ಅವಳು ರೇಡಿಯೋ ಜಾಹೀರಾತು ಬರೆಯೋಳು. ಇಪ್ಪತ್ತು ವರ್ಷದಿಂದ ಅದೇ ಕೆಲಸ, ಅದೇ ಕಚೇರಿ, ಕಿಟಕಿ ಪಕ್ಕದ ಅದೇ ಮೇಜು. ಟೈಪಿಸ್ಟ್ ಆಗಿ ಸೇರಿದ್ದವಳು. ಬರೆಯುವಾತ ಒಂದು ದಿನ ಜ್ವರ ಅಂತ ಬರಲಿಲ್ಲ, ಛತ್ರಿ ಅಂಗಡಿಯವನು ಬಂದು ಬಾಗಿಲಲ್ಲಿ ಕೂತುಬಿಟ್ಟಿದ್ದ, ಇವಳೇ ನಾಲ್ಕು ಸಾಲು ಟೈಪ್ ಮಾಡಿ ಕೊಟ್ಟಳು. ಜ್ವರದವನು ವಾಪಸ್ ಬರುವಷ್ಟರಲ್ಲಿ ಅವನ ಕುರ್ಚಿ ಇವಳದಾಗಿತ್ತು. ಪಾಪ, ಅವನು ಆಮೇಲೆ ವಿಮೆ ಮಾರೋಕೆ ಹೋದ ಅಂತ ಅಮ್ಮ ಹೇಳ್ತಾಳೆ.

ರೇಡಿಯೋಗೆ ಬರೆದೂ ಬರೆದೂ ಅವಳಿಗೊಂದು ರೋಗ ಅಂಟಿಕೊಂಡಿದೆ. ಎದುರಿಗಿರೋರಿಗೆಲ್ಲ ಕಣ್ಣೇ ಇಲ್ಲ ಅನ್ನೋ ಹಾಗೆ ಮಾತಾಡ್ತಾಳೆ. ಮನೆಗೆ ಬಂದ್ರೆ, "ಅಕ್ಕಾ, ಬಾಗಿಲು ತೆಗೆದೇ ಇದೆ, ಫ್ಯಾನು ತಿರುಗ್ತಾ ಇದೆ, ನೀನು ಹಸಿರು ಸೀರೆ ಉಟ್ಕೊಂಡು ಕೂತಿದೀಯ" ಅಂತಾಳೆ. ಅಮ್ಮ, "ಹೌದು ಕಣೇ, ನನಗೂ ಕಾಣ್ತಾ ಇದೆ" ಅಂತ ನಿಟ್ಟುಸಿರು ಬಿಡ್ತಾಳೆ. ಮದುವೆ ಆಗಲಿಲ್ಲ. ನೋಡೋಕೆ ಬಂದ ಗಂಡಿಗೆ ಅವನ ಅಂಗಿಯ ಗುಂಡಿ ಕಿತ್ತುಹೋಗಿರೋದನ್ನ ವರ್ಣನೆ ಮಾಡಿದಳಂತೆ. ನಿಜವೋ ಸುಳ್ಳೋ, ಅವಳನ್ನ ಕೇಳಿದ್ರೆ, "ಎರಡು ಗುಂಡಿ" ಅಂತಾಳೆ.

ನಾನು ವಿಡಿಯೋ ಎಡಿಟರ್. ಅದೇ ಕಚೇರಿಯ ಹಿಂದಿನ ಕೋಣೆ ನನ್ನದು. ಚಿಕ್ಕಮ್ಮನ ಶಿಫಾರಸಿನಿಂದಲೇ ಸೇರಿದ್ದು, ಅದನ್ನ ಅವಳು ವಾರಕ್ಕೊಂದು ಸಲ ನೆನಪಿಸ್ತಾಳೆ.

ಈ ಗೋಳು ಶುರುವಾದದ್ದು ಸಾಹೇಬರ ಕೋಣೆಯಲ್ಲಿ. ಸಾಹೇಬರು ಅಂದ್ರೆ ಕಚೇರಿಯ ಮಾಲೀಕರು. ಒಂದು ವಾಕ್ಯ ಹೇಳೋಕೆ ಒಂದು ಪುಟ ಮಾತಾಡೋ ಮನುಷ್ಯ. ಅಡ್ಡಗೋಡೆ ಮೇಲೆ ದೀಪ ಇಡೋದರಲ್ಲಿ ಅವರಿಗೆ ಸಮಾನ ಯಾರಿಲ್ಲ. ಅವತ್ತು ನಮ್ಮಿಬ್ಬರನ್ನೂ ಕೂರಿಸಿಕೊಂಡು ಕಾಲ ಬದಲಾಗಿದೆ, ಗಾಳಿ ಆ ಕಡೆ ಬೀಸ್ತಾ ಇದೆ, ನಾವು ಈ ಕಡೆ ಕೂತಿದ್ದೀವಿ ಅಂತ ಸುತ್ತಿ ಬಳಸಿ ಕೊನೆಗೆ ಬಂದ ವಿಷಯ ಇಷ್ಟು. ರೇಡಿಯೋ ವಿಭಾಗ ಮುಚ್ತಾರೆ. ಚಿಕ್ಕಮ್ಮ ಬರೆದ ಹಾಸಿಗೆ ಜಾಹೀರಾತು ಎಲ್ಲರ ಬಾಯಲ್ಲೂ ಇದೆಯಲ್ಲ, ಅದನ್ನ ಅವಳೇ ವಿಡಿಯೋ ಮಾಡಿಕೊಡಬೇಕು. ಮಾಡಿದ್ರೆ ವಿಡಿಯೋ ಕಡೆ ಅವಳಿಗೊಂದು ಮೇಜು. ಇಲ್ಲದಿದ್ರೆ... "ಮೇಡಂ, ನೀವೂ ಎಷ್ಟು ವರ್ಷ ಅಂತ ದುಡೀತೀರಿ, ವಿಶ್ರಾಂತಿನೂ ಬೇಕಲ್ವಾ" ಅಂದ್ರು. ಎಷ್ಟು ಒಳ್ಳೆಯವರು ನೋಡಿ!

ಚಿಕ್ಕಮ್ಮನಿಗೆ ಐವತ್ತೊಂದು. ಈ ವಯಸ್ಸಿನಲ್ಲಿ ರೇಡಿಯೋ ಬರವಣಿಗೆ ಬಿಟ್ಟು ಬೇರೇನೂ ಗೊತ್ತಿಲ್ಲದವಳನ್ನ ಯಾರು ಕರೆದು ಕೆಲಸ ಕೊಡ್ತಾರೆ? ಹೊರಗೆ ಬಂದು ಅವಳು ನನಗೆ ಹೇಳಿದ್ದು ಮಾತ್ರ, "ನೋಡು, ನನ್ನ ಸ್ಕ್ರಿಪ್ಟಲ್ಲಿ ಒಂದಕ್ಷರ ಮುಟ್ಟಬೇಡ."

ಆ ಸ್ಕ್ರಿಪ್ಟ್ ಇಲ್ಲಿ ಹೇಳಿಬಿಡ್ತೀನಿ, ಇಲ್ಲದಿದ್ರೆ ನನ್ನ ಸಂಕಟ ಅರ್ಥ ಆಗಲ್ಲ. ಅಲಾರಂ ಹೊಡೆಯುತ್ತೆ. ಹೆಂಡತಿ ಪಿಸುಮಾತಲ್ಲಿ, "ರೀ, ಅಲಾರಂ ಹೊಡೀತು, ಏಳ್ರೀ." ಗಂಡ, "ಇಂಥಾ ಮೆತ್ತಗಿನ ಹಾಸಿಗೆ ಬಿಟ್ಟು ಯಾರು ಏಳ್ತಾರೆ? ಇನ್ನೈದು ನಿಮಿಷ ಕಣೇ." ಹೆಂಡತಿ, "ಯಾರಾದ್ರೂ ನೋಡಿದ್ರೆ ಏನಂದ್ಕೊಳ್ತಾರೆ?" ಗಂಡ, "ಏನಾದ್ರೂ ಅಂದ್ಕೊಳ್ಳಲಿ, ಹಗುರ ಹಾಸಿಗೆ ಮೇಲೆ ಹಗುರಾಗಿದ್ದೀನಿ." ಆಗ ಮೂರನೇ ದನಿ, "ಸಾರ್, ಮೇಡಂ, ಅಂಗಡಿ ಬಾಗಿಲು ಹಾಕಬೇಕು, ಎದ್ದೇಳ್ತೀರಾ?" ಕೊನೆಗೆ ಗಂಭೀರ ದನಿ, "ಹಗುರ ಹಾಸಿಗೆಗಳು. ಮಲಗಿ ನೋಡಿ." ಆಮೇಲೆ ವಿಳಾಸ, ಎರಡು ಸಲ ಫೋನ್ ನಂಬರ್, ಮತ್ತೊಮ್ಮೆ ಹೆಸರು. ಮೂವತ್ತು ಸೆಕೆಂಡು ಭರ್ತಿ, ಉಸಿರಾಡೋಕೂ ಜಾಗ ಇಲ್ಲ.

ರೇಡಿಯೋದಲ್ಲಿ ಇದು ಚಿನ್ನ. "ಯಾರಾದ್ರೂ ನೋಡಿದ್ರೆ ಏನಂದ್ಕೊಳ್ತಾರೆ" ಅನ್ನೋ ಸಾಲಂತೂ ಬಸ್ಸಲ್ಲಿ, ಆಸ್ಪತ್ರೆ ಸಾಲಲ್ಲಿ ಜನ ಒಬ್ಬರಿಗೊಬ್ಬರು ಹೇಳಿಕೊಂಡು ನಗ್ತಿದ್ರು. ಕೇಳೋರ ಮನಸ್ಸು ಏನೇನೋ ಕಲ್ಪಿಸಿಕೊಳ್ಳುತ್ತೆ, ಕೊನೆಗೆ ನೋಡಿದ್ರೆ ಗಂಡ ಹೆಂಡತಿ ಅಂಗಡಿಯಲ್ಲಿ ಮಲಗಿಬಿಟ್ಟಿದ್ದಾರೆ. ಆದ್ರೆ ಈ ತಮಾಷೆ ನಡೆಯೋದೇ ಕಾಣಿಸದೆ ಇರೋದ್ರಿಂದ! ವಿಡಿಯೋದಲ್ಲಿ ಮೊದಲ ಚಿತ್ರದಲ್ಲೇ ಅಂಗಡಿ ಕಂಡುಬಿಟ್ರೆ ಏನು ಉಳೀತು, ಮಣ್ಣು?

ಇದನ್ನ ಚಿಕ್ಕಮ್ಮನಿಗೆ ಬಿಡಿಸಿ ಹೇಳಿದೆ. ಹೆತ್ತವರಿಗೆ ಹೆಗ್ಗಣ ಮುದ್ದು. "ನಿನ್ನ ಚಿತ್ರ ನೀನು ಹೊಂದಿಸ್ಕೋ, ನನ್ನ ಮಾತು ಹಾಗೇ ಇರಲಿ" ಅಂತ ಕನ್ನಡಕ ಒರೆಸಿಕೊಂಡು ಕೂತಳು. ನನಗೂ ಹಟ ಬಂತು. ಸರಿ, ಹಾಗೇ ಆಗಲಿ ಅಂತ ರೇಡಿಯೋ ಧ್ವನಿಯನ್ನ ಇದ್ದ ಹಾಗೇ ಕೆಳಗೆ ಹಾಸಿ, ಮೇಲೆ ಒಂದೊಂದು ಮಾತಿಗೆ ಒಂದೊಂದು ಚಿತ್ರ ಅಂಟಿಸಿದೆ. ಅಲಾರಂ ಅಂದಾಗ ಅಲಾರಂ ಗಡಿಯಾರ. ಹಾಸಿಗೆ ಅಂದಾಗ ಹಾಸಿಗೆ. ಏಳ್ರೀ ಅಂದಾಗ ಯಾರೋ ಏಳ್ತಾ ಇರೋದು. ಬೇರೆ ಬೇರೆ ಕಡೆಯ ಸಿದ್ಧ ಚಿತ್ರಗಳು, ಹಾಸಿಗೆಯೊಂದು, ಗಂಡನೊಬ್ಬ, ಹೆಂಡತಿ ಇನ್ಯಾರೋ.

ಅದರ ಮೇಲೆ ಹಾಸಿಗೆ ಯಜಮಾನ್ರು ಬಂದ್ರು. ಅಂಗಡಿಯ ಯಜಮಾನ್ರು, ಒಳ್ಳೆ ಮನುಷ್ಯ, ಆದ್ರೆ ಹೆಸರಿನ ಹುಚ್ಚು. ಮೂಲೆಯಲ್ಲಿ ಮೊದಲಿಂದ ಕೊನೆವರೆಗೂ ಲೋಗೋ ಇರಬೇಕು. ಕೆಳಗೆ ಫೋನ್ ನಂಬರ್ ಓಡ್ತಾ ಇರಬೇಕು. ಮೇಲೆ ವಿಳಾಸ. "ಪಕ್ಕದಲ್ಲಿ ನನ್ನದೊಂದು ಸಣ್ಣ ಫೋಟೋ ಇದ್ರೆ ಹೇಗೆ?" ಅಂತ ನಾಚಿಕೊಂಡು ಕೇಳಿದ್ರು. ಮೂಗಿಗಿಂತ ಮೂಗುತಿ ಭಾರ ಅಂತ ಬಾಯಿಗೆ ಬಂದದ್ದನ್ನ ನುಂಗಿಕೊಂಡೆ. ಸಾಹೇಬರು ಬೇರೆ, ಜನ ಫೋನಲ್ಲಿ ಹೆಬ್ಬೆರಳು ಸರ್ರನೆ ಸರಿಸಿಬಿಡ್ತಾರೆ, ಮೊದಲ ಮೂರು ಸೆಕೆಂಡಲ್ಲೇ ಹೆಸರು ಕಾಣಲೇಬೇಕು ಅಂದ್ರು. ಅದು ಸುಳ್ಳಲ್ಲ. ಆದ್ರೆ ಹೆಸರು ಕಂಡ್ರೆ ತಮಾಷೆ ಸತ್ತಿತು, ಕಾಣದಿದ್ರೆ ಜಾಹೀರಾತು ಸತ್ತಿತು. ಅತ್ತ ದರಿ, ಇತ್ತ ಪುಲಿ.

ಎಲ್ಲರೂ ಹೇಳಿದ್ದನ್ನೂ ಹಾಕಿದೆ. ತಗೊಳ್ಳಿ ಸಾಯಿರಿ ಅಂತಲೇ ಹಾಕಿದೆ, ಸುಳ್ಳು ಯಾಕೆ ಹೇಳಲಿ.

ಭಾನುವಾರ ಚಿಕ್ಕಮ್ಮ ಊಟಕ್ಕೆ ಮನೆಗೆ ಬಂದಿದ್ದಳು. ಹೊಟ್ಟೆಯಲ್ಲಿ ಇನ್ನೂ ಉರಿ ಇತ್ತು, ವಿಡಿಯೋ ಅಮ್ಮನ ಫೋನಿಗೆ ಕಳಿಸಿ, "ನೋಡಮ್ಮ, ನಿನ್ನ ತಂಗಿಯ ಮಹಾಕೃತಿ" ಅಂದೆ. ಅಮ್ಮನ ಫೋನು ಯಾವಾಗಲೂ ಮೂಕ. ಅಪ್ಪ ಮಧ್ಯಾಹ್ನ ಮಲಗ್ತಾರೆ, ಅದಕ್ಕೆ ಸದ್ದು ತೆಗೆದಿಟ್ಟಿದ್ದು ಮತ್ತೆ ಹಾಕೋದೇ ಇಲ್ಲ. ಕತ್ತು ಬಗ್ಗಿಸಿ ಪೂರ್ತಿ ನೋಡಿದಳು. ಆಮೇಲೆ, "ಚೆನ್ನಾಗಿದೆ ಕಣೇ. ಆ ಗಡಿಯಾರ ಎಲ್ಲಿ ಸಿಗುತ್ತೆ?" ಅಂದಳು.

"ಯಾವ ಗಡಿಯಾರ?" ಅಂದಳು ಚಿಕ್ಕಮ್ಮ.

"ಅದೇ, ಅಲಾರಂದು. ಗಡಿಯಾರದ ಜಾಹೀರಾತಲ್ವಾ?"

"ಅಕ್ಕಾ, ಮೂಲೆಯಲ್ಲಿ ಹೆಸರು ಇತ್ತಲ್ಲ, ಹಗುರ ಹಾಸಿಗೆಗಳು ಅಂತ!"

"ಏನೇನೋ ಇತ್ತಪ್ಪ, ಮೇಲೂ ಕೆಳಗೂ. ಅದನ್ನೆಲ್ಲ ಯಾರು ಓದ್ತಾರೆ?"

ನನಗೆ ನಗು ಬಂತು, ಚಿಕ್ಕಮ್ಮನಿಗೆ ಬರಲಿಲ್ಲ. ಅವಳು ಅಮ್ಮನ ಕೈಯಿಂದ ಫೋನು ಇಸ್ಕೊಂಡು ಅಡುಗೆಮನೆ ಬಾಗಿಲಿಗೆ ಒರಗಿ ನಿಂತು, ಸದ್ದಿಲ್ಲದೆ, ಮತ್ತೆ ಮತ್ತೆ ನೋಡಿದಳು. ಇಪ್ಪತ್ತು ವರ್ಷ ಕಿವಿಗೆ ಬರೆದವಳು ಅವತ್ತೇ ಮೊದಲ ಸಲ ತನ್ನ ಮಾತಿಲ್ಲದೆ ತನ್ನ ಜಾಹೀರಾತು ನೋಡಿದ್ದು. ನನಗೆ ಕೆಟ್ಟದೆನಿಸಿತು. ಊಟ ಮುಗಿಸಿ ಕೈ ತೊಳೆದವಳೇ, "ಒಂದು ಹಾಳೆ ಕೊಡು" ಅಂದಳು.

ಹಾಳೆಯ ಮಧ್ಯೆ ಗೆರೆ ಎಳೆದಳು. ಎಡಗಡೆ ಕಾಣೋದು, ಬಲಗಡೆ ಕೇಳೋದು. ಬಲಗಡೆ ತನ್ನ ಸ್ಕ್ರಿಪ್ಟ್ ಪೂರ್ತಿ ಬರೆದು ಒಂದೊಂದೇ ಹೊಡೆದುಹಾಕೋಕೆ ಕೂತಳು. "ಅಲಾರಂ ಹೊಡೀತು" ಹೋಯ್ತು, ಗಡಿಯಾರ ಕಾಣುತ್ತಲ್ಲ. "ಮೆತ್ತಗಿನ ಹಾಸಿಗೆ" ಹೋಯ್ತು, ಗಂಡನ ಕೆನ್ನೆ ದಿಂಬಲ್ಲಿ ಹೂತಿರೋದೇ ಸಾಕು. ಫೋನ್ ನಂಬರ್ ಬಾಯಲ್ಲಿ ಹೇಳೋದು ಬೇಡ, ಕೊನೆಯಲ್ಲಿ ಹೆಸರು, ಜಾಗ, ನಂಬರ್ ಒಟ್ಟಿಗೆ ಬರೆದು ಒಂದು ಸಲ ಗಟ್ಟಿಯಾಗಿ ಓದಿ ಮುಗಿಯೋವಷ್ಟು ಹೊತ್ತು ನಿಲ್ಲಿಸಿದ್ರೆ ಆಯ್ತು. ನಂಬರ್ ತೀರಾ ಕೆಳಗೆ ಹಾಕಬೇಡ, ಫೋನಲ್ಲಿ ಉದ್ದಕ್ಕೆ ಹಿಡಿದಾಗ ಆ ಹೃದಯದ ಗುರುತು, ಕಾಮೆಂಟು ಎಲ್ಲ ಅದರ ಮೇಲೆ ಕೂತ್ಕೊಳ್ಳುತ್ತೆ ಅಂತ ನಾನು ಹೇಳಿದೆ. ಅವಳು ಅದನ್ನೂ ಎಡಗಡೆ ಬರೆದುಕೊಂಡಳು. ಉಳಿಯೋ ಮಾತು ಸದ್ದಿಲ್ಲದವರಿಗೂ ಸಿಗಲಿ ಅಂತ ಅಕ್ಷರದಲ್ಲೂ ಬರಬೇಕು, ಅದೂ ತೀರಾ ಕೆಳಗೆ ಬೇಡ ಅಂತ ಅವಳೇ ಅಂದಳು. ಕಲಿಯೋಕೆ ಶುರು ಮಾಡಿದ್ರೆ ಹಾಗೇ ಅವಳು, ಶುರು ಮಾಡಿಸೋದೇ ಪ್ರಾಣಸಂಕಟ.

"ಯಾರಾದ್ರೂ ನೋಡಿದ್ರೆ" ಸಾಲಿನ ಹತ್ತಿರ ಪೆನ್ನು ನಿಂತುಹೋಯ್ತು. "ಇದು ಇರುತ್ತೆ" ಅಂದಳು. ನಾನು ಬಾಯಿ ತೆರೆದೆ. "ಇರುತ್ತೆ ಅಂದ್ನಲ್ಲ!" ಅಂತ ಗದರಿದಳು.

ಇನ್ನು ಹೆಸರಿನ ತಕರಾರು. ಅದನ್ನ ಬಿಡಿಸಿದ್ದೂ ಅವಳೇ. ಯಜಮಾನ್ರ ಅಂಗಡಿಗೆ ಹೋಗಿ ಕೂತು, "ಯಜಮಾನ್ರೇ, ನೀವು ಮನೇಲಿ ಮಲಗೋ ಹಾಸಿಗೆ ಪಕ್ಕ ಬೋರ್ಡು ನೇತುಹಾಕ್ಕೊಂಡಿದೀರಾ?" ಅಂದಳು.

"ಛೆ, ಮನೇಲಿ ಯಾಕಮ್ಮ ಬೋರ್ಡು?"

"ಮತ್ತೆ ನಿಮ್ಮ ಹಾಸಿಗೆ ನಿಮ್ಮದೇ ಅಂತ ಹೇಗೆ ಗೊತ್ತಾಗುತ್ತೆ?"

"ಅಂಚಲ್ಲಿ ಹೊಲಿದ ಪಟ್ಟಿ ಇರುತ್ತಲ್ಲ, ಹೆಸರಿಂದು..." ಅಂದವರೇ ಅರ್ಧಕ್ಕೆ ನಿಂತ್ರು.

ಅದೇ ಪಟ್ಟಿ. ಯಾವ ಮನೆಯ ಹಾಸಿಗೆಗೂ, ದಿಂಬಿಗೂ ಇರುವಂಥದ್ದು. ಮೊದಲ ಚಿತ್ರದಲ್ಲೇ ಗಂಡನ ಕಿವಿ ಪಕ್ಕ ದಿಂಬಿನ ಅಂಚಲ್ಲಿ "ಹಗುರ" ಅಂತ ಕಾಣುತ್ತೆ. ಹೆಸರೂ ಬಂತು, ಗುಟ್ಟೂ ಉಳಿಯಿತು. ಅಂಗಡಿ ಕಂಡ ಮೇಲೆ ಮೂಲೆಯಲ್ಲಿ ಲೋಗೋ ಧಾರಾಳವಾಗಿ ಇರಲಿ. ಯಜಮಾನ್ರು ಒಪ್ಪಿದ್ರು, ಪಟ್ಟಿ ಮಾತ್ರ ಮಾಮೂಲಿಗಿಂತ ದಪ್ಪ ಇರಬೇಕು ಅಂದ್ರು. ಅವರ ಹೊಲಿಗೆಯವನು ಅಂಗೈಯಗಲ ಕೆಂಪು ಅಕ್ಷರದಲ್ಲಿ ಹೊಲಿದು ತಂದ, ಚಿಕ್ಕಮ್ಮ ಅದನ್ನ ಅರ್ಧಕ್ಕೆ ಇಳಿಸಿದಳು. ಫೋಟೋ ವಿಷಯ ಯಾರೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಚಿತ್ರೀಕರಣ ಬೆಳಿಗ್ಗೆ, ಅಂಗಡಿ ತೆರೆಯೋಕೆ ಮುಂಚೆ. ಅಂಗಡಿಯ ದೀಪಗಳೆಲ್ಲ ಆರಿಸಿ, ಪಕ್ಕಕ್ಕೊಂದು ಬೆಚ್ಚಗಿನ ಬೆಳಕು ಇಟ್ಟು, ಹಿಂದೆ ಬಿಳಿ ಬೆಡ್‌ಶೀಟು ಕಟ್ಟಿದ್ವಿ, ಮನೆ ಗೋಡೆ ಥರ ಕಾಣಲಿ ಅಂತ. ಕ್ಯಾಮೆರಾ ಗಂಡ ಹೆಂಡತಿ ಮುಖಕ್ಕೆ ಅಂಟಿಕೊಂಡ ಹಾಗೆ. ಅವನ ಕೈ ಹೊದಿಕೆ ಎಳ್ಕೊಳ್ಳುತ್ತೆ. ಚೌಕಟ್ಟಿನೊಳಗೆ ಬೀಗದ ಕೈ ಗೊಂಚಲು ಹಿಡಿದ ಇನ್ನೊಂದು ಕೈ ಬರುತ್ತೆ, ಬೆಡ್‌ಶೀಟು ಬೀಳುತ್ತೆ, ಮೇಲಿನ ದೀಪಗಳು ಹತ್ತಿಕೊಳ್ತವೆ, ಕ್ಯಾಮೆರಾ ಹಿಂದೆ ಸರೀತಾ ಹೋದ ಹಾಗೆ ಸಾಲು ಹಾಸಿಗೆಗಳು, ಅರ್ಧ ಎಳೆದ ಶಟರ್ರು, ಚೀಲ ಹೆಗಲಿಗೇರಿಸಿ ಮನೆಗೆ ಹೊರಟು ಕಾಯ್ತಾ ನಿಂತ ಅಂಗಡಿಯವರು. ಹಿಂದೆ ಸರಿಸೋಕೆ ನಮ್ಮ ಹತ್ತಿರ ಹಳಿ ಇಲ್ಲ, ಹಾಸಿಗೆ ಸಾಗಿಸೋ ತಳ್ಳುಗಾಡಿ ಮೇಲೆ ಕ್ಯಾಮೆರಾದವನನ್ನ ಕೂರಿಸಿ ಎಳೆದ್ವಿ. ಅದರ ಒಂದು ಚಕ್ರ ಕಿರ್ರೋ ಅಂತು. ಎಣ್ಣೆ ಹಾಕಿದ್ರೆ ಕೊರ್ರೋ ಅಂತು.

ರೇಡಿಯೋದ ಹಳೇ ಧ್ವನಿ ಇವರ ತುಟಿಗೆ ಹೊಂದಲ್ಲ, ಅದಕ್ಕೆ ನಟರು ಅಲ್ಲೇ ಹೊಸದಾಗಿ ಮಾತಾಡಬೇಕಿತ್ತು. ಚಿಕ್ಕಮ್ಮ ರೇಡಿಯೋ ಪಿಸುಮಾತು ಹೇಳಿಕೊಟ್ಟಳು, ಬೀದಿಗೆಲ್ಲ ಕೇಳೋ ಪಿಸುಮಾತು. ಹತ್ತಿರದ ಚಿತ್ರದಲ್ಲಿ ಅದು ಹಲ್ಲುನೋವಿನವಳ ಥರ ಕಂಡಿತು. ಎಷ್ಟು ಸಲ ಮಾಡಿಸಿದ್ರೂ ಅಷ್ಟೇ. ನಾನು ಸಿಡುಕಿದೆ, ಅವಳು ಸಿಡುಕಿದಳು, ನಟಿ ದಿಂಬಿನ ಮೇಲೆ ನಿಜವಾಗಿಯೂ ನಿದ್ದೆ ಹೋದಳು. ಎಬ್ಬಿಸಿ ಆ ನಿದ್ದೆಗಣ್ಣಲ್ಲೇ ಮಾತಾಡಿಸಿದ್ವಿ, ಆಗ ಸರಿಯಾಯ್ತು.

ಎಡಿಟ್ ಮಾಡೋಕೆ ಕೂತಾಗ ಚಿಕ್ಕಮ್ಮ ನನ್ನ ಬೆನ್ನ ಹಿಂದೆ ಕುರ್ಚಿ ಹಾಕ್ಕೊಂಡಳು. ಒಂದು ಸಲ ಓಡಿಸಿದೆ. "ಯಾರಾದ್ರೂ ನೋಡಿದ್ರೆ ಏನಂದ್ಕೊಳ್ತಾರೆ" ಅಂತ ಹೆಂಡತಿ ಅಂದ ತಕ್ಷಣ ನನ್ನ ಕಣ್ಣು ತಾನಾಗೇ ಮುಖಗಳನ್ನ ಬಿಟ್ಟು ಹಿಂದಿನ ಗೋಡೆ ಹುಡುಕಿತು. ಬೆಡ್‌ಶೀಟಿನ ಮಡಿಕೆ ಕಂಡಿತು. ರೇಡಿಯೋದಲ್ಲಿ ಆ ಸಾಲು ಕೇಳಿದವನು ಒಳಗೊಳಗೇ ಊಹಿಸ್ತಾನೆ, ಇಲ್ಲಿ ನೋಡೋನು ಪತ್ತೇದಾರಿಕೆ ಮಾಡ್ತಾನೆ, ಮಾಡಿ ಹಿಡಿದೂಬಿಡ್ತಾನೆ. ಬಾಯಲ್ಲಿ ಹೇಳೋ ಬದಲು ಇನ್ನೊಂದು ಸಲ ಓಡಿಸಿದೆ. ಹೇಳಿದ್ರೆ ಅವಳು ಇನ್ನೂ ಬಿಗಿ ಹಿಡೀತಾಳೆ, ಅಷ್ಟು ಬಲ್ಲೆ. ಬೆನ್ನ ಹಿಂದಿನಿಂದ ದನಿ ಬಂತು.

"ತೆಗಿ ಅದನ್ನ."

"ಚಿಕ್ಕಮ್ಮಾ..."

"ತೆಗಿ ಅಂದ್ರೆ ತೆಗಿ. ಆಮೇಲೆ ಮನಸ್ಸು ಬದಲಾಗುತ್ತೆ ನಂದು."

ತೆಗೆದೆ. ಆ ಜಾಗದಲ್ಲಿ ಹೆಂಡತಿ ಬರೀ ಕಣ್ಣು ತೆರೆದು ಮುಚ್ತಾಳೆ. ತಿರುಗಿ ನೋಡಿದ್ರೆ ಚಿಕ್ಕಮ್ಮ ಕನ್ನಡಕ ತೆಗೆದು ಸೆರಗಲ್ಲಿ ಒರೆಸ್ತಾ ಇದ್ದಳು, ಕಣ್ಣೂ ಒರೆಸಿಕೊಂಡಳು. ಬರೆದವಳು ಯಾರು ಅಂತ ಗೊತ್ತಿಲ್ಲದೆಯೇ ಇಡೀ ಊರು ಹೇಳಿಕೊಂಡು ನಕ್ಕ ಸಾಲು ಅದೊಂದೇ. ನನಗೆ ಅವಳ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯ್ತು.

ಸಾಹೇಬರ ಕೋಣೆಯಲ್ಲಿ ತೋರಿಸಿದ್ವಿ. ಯಜಮಾನ್ರೂ ಇದ್ರು. "ಏಳ್ರೀ", "ಇನ್ನೈದು ನಿಮಿಷ ಕಣೇ", ಅಂಗಡಿಯವನ ಒಂದು ಮಾತು, ಕೊನೆಗೆ "ಮಲಗಿ ನೋಡಿ". ಅಷ್ಟೇ ಉಳಿದಿದ್ದು. ದೀಪ ಹತ್ತಿ ಅಂಗಡಿ ಕಂಡ ಕೂಡಲೇ ಸಾಹೇಬರು ಮೇಜು ಗುದ್ದಿ ನಕ್ರು, ಯಜಮಾನ್ರ ಕಣ್ಣಲ್ಲಿ ನೀರು. ಅಬ್ಬಾ, ಗೆದ್ವಿ ಅಂದುಕೊಂಡೆ.

ಸಾಹೇಬರು ಕಣ್ಣು ಒರೆಸಿಕೊಂಡು ಶುರು ಮಾಡಿದ್ರು. "ಅದ್ಭುತ ಮೇಡಂ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಹಾಗೆ. ಈಗ ನೋಡಿ, ನಾನು ಯೋಚನೆ ಮಾಡ್ತಾ ಇದ್ದೆ. ಚಿತ್ರದಲ್ಲೇ ಎಲ್ಲ ಆಗಿಹೋಗಿದೆ. ಮಾತೇ ಇಲ್ಲ. ಮಾತೇ ಇಲ್ಲದ ಮೇಲೆ, ವಿಡಿಯೋ ಕಡೆಗೆ ಅಂತ ಒಬ್ಬರು ಬರೆಯೋರು... ಅಂದ್ರೆ ನನ್ನ ಅಭಿಪ್ರಾಯ ಏನಪ್ಪಾ ಅಂದ್ರೆ..."

ನನಗೆ ಮೈಯೆಲ್ಲ ಉರಿದುಹೋಯ್ತು. ವಿಡಿಯೋ ಮಾಡಿದ್ರೆ ಮೇಜು ಅಂದ್ರು, ಮಾಡಿದ ಮೇಲೆ ಬರೆಯೋರೇ ಬೇಡ ಅಂತಾರೆ! ಬಾಯಿ ತೆರೆಯೋಷ್ಟರಲ್ಲಿ ಚಿಕ್ಕಮ್ಮ ನನ್ನ ಮೊಣಕೈ ಅದುಮಿದಳು. "ಆ ಸಾಲು ವಾಪಸ್ ಹಾಕು" ಅಂದಳು.

ಲ್ಯಾಪ್‌ಟಾಪಲ್ಲಿ ಹಾಕಿ ಕೊಟ್ಟೆ. ಚಿಕ್ಕಮ್ಮ ಬಾಗಿಲು ತೆಗೆದು ಸ್ವಾಗತದ ಮೇಜಿನಲ್ಲಿ ಕೂರೋ ಹೆಂಗಸನ್ನ ಕರೆದಳು. ಆಕೆ ಮೊನ್ನೆ ತಾನೇ ಬೇರೆ ಊರಿಂದ ಬಂದು ಸೇರಿದವರು, ರೇಡಿಯೋದ್ದನ್ನೂ ಕೇಳಿರಲಿಲ್ಲ, ಇದನ್ನೂ ನೋಡಿರಲಿಲ್ಲ. ನಿಂತುಕೊಂಡೇ ನೋಡಿದ್ರು. ಹೆಂಡತಿ "ಯಾರಾದ್ರೂ ನೋಡಿದ್ರೆ" ಅಂದದ್ದೇ ತಡ, "ಓ, ಇವರು ಮನೇಲಿಲ್ಲ. ಅಂಗಡೀಲಿ ಮಲಗಿದಾರೇನೋ" ಅಂದ್ರು. ದೀಪ ಹತ್ತಿದಾಗ, "ಹಾಂ, ಹೇಳ್ಲಿಲ್ವಾ" ಅಂತ ತಲೆಯಾಡಿಸಿದ್ರು. ನಗಲಿಲ್ಲ.

ಆಮೇಲೆ ಲೆಕ್ಕ ಬರೆಯೋರನ್ನ ಕರೆಸಿದಳು. ಅವರು ರೇಡಿಯೋ ಕೇಳೋರೇ ಅಲ್ಲ, ನಕ್ಕಿದ್ದನ್ನಂತೂ ಆ ಕಚೇರಿಯಲ್ಲಿ ಯಾರೂ ಕಂಡವರಿಲ್ಲ. ಅವರಿಗೆ ಸಾಲಿಲ್ಲದ್ದನ್ನ ತೋರಿಸಿದೆ. ಬೀಗದ ಕೈ ಗೊಂಚಲು ಬಂದಾಗ ಹುಬ್ಬು ಗಂಟಿಕ್ಕಿದ್ರು, ದೀಪ ಹತ್ತಿತು, ಕೆಮ್ಮು ಬರೋ ತನಕ ನಕ್ರು. ಯಜಮಾನ್ರು ಅವರ ಬೆನ್ನು ತಟ್ಟಿದ್ರು.

"ಸಾಹೇಬ್ರೇ," ಅಂದಳು ಚಿಕ್ಕಮ್ಮ, "ನೀವು ಆಗ ನಕ್ಕಿದ್ದು, ಇವರು ಈಗ ನಕ್ಕಿದ್ದು, ಅದನ್ನ ಬರೆದೋಳು ನಾನು. ಆ ಸಾಲು ಬರೆದಿದ್ದೂ ನಾನೇ. ಅದನ್ನ ತೆಗೆಯೋಕೆ ಎಷ್ಟು ನೋವಾಯ್ತು ಅಂತ ಈ ಹುಡುಗಿಗೆ ಗೊತ್ತು."

ಯಜಮಾನ್ರು ಗಂಟಲು ಸರಿಮಾಡಿಕೊಂಡು, "ಮುಂದಿನದ್ದೂ ಈಯಮ್ಮನೇ ಮಾಡಬೇಕು, ಹೇಳಿಬಿಟ್ಟಿದೀನಿ" ಅಂದ್ರು. ಸಾಹೇಬರು ಖಾನೆ ಎಳೆದು ಸೀಲಿಂಗ್ ಫ್ಯಾನಿನ ರೇಡಿಯೋ ಸ್ಕ್ರಿಪ್ಟ್ ಒಂದನ್ನ ತೆಗೆದು ಅವಳ ಮುಂದೆ ಸರಿಸಿದ್ರು. "ಇದನ್ನೂ ಹಾಗೇ ಒಂದು ವಿಡಿಯೋ... ಅಂದ್ರೆ ನಾನು ಆಗ ಹೇಳಿದ್ದು ಬೇರೆ ಅರ್ಥದಲ್ಲಿ ಮೇಡಂ, ಪರಿಸ್ಥಿತಿ ನೋಡಿದ್ರೆ ಒಂದು ರೀತಿಯಲ್ಲಿ..."

ಚಿಕ್ಕಮ್ಮ ಹಾಳೆ ಮುಟ್ಟಲಿಲ್ಲ. "ನನಗೆ ಕೆಲಸ ಇದೆಯೋ ಇಲ್ಲವೋ?"

"ಅಯ್ಯೋ, ಅದನ್ನೇ ಹೇಳ್ತಾ ಇದೀನಲ್ಲ ಮೇಡಂ, ಈಗಿನ ಸಂದರ್ಭದಲ್ಲಿ, ನಿಮ್ಮ ಅನುಭವ ಎಲ್ಲ ಲೆಕ್ಕಕ್ಕೆ ತಗೊಂಡು..."

"ಒಂದೇ ಮಾತಲ್ಲಿ ಹೇಳಿ."

ಸಾಹೇಬರು ಯಜಮಾನ್ರ ಕಡೆ ನೋಡಿದ್ರು, ನನ್ನ ಕಡೆ ನೋಡಿದ್ರು, ಚಾವಣಿ ಕಡೆ ನೋಡಿದ್ರು. ಅವಳು ಕಾದಳು.

"ಇದೆ" ಅಂದ್ರು.

ಚಿಕ್ಕಮ್ಮ ಹಾಳೆ ಎತ್ಕೊಂಡಳು.